ಹೆರಿಗೆಯ ನಂತರದ ಎರಡು ವರ್ಷ: ಅರ್ಜಿಯಲ್ಲಿ ಏನು ಬರೆಯಲಿ, ಸಂದರ್ಶನದಲ್ಲಿ ಏನು ಹೇಳಲಿ?

ಪ್ರಶ್ನೆ: ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. 2022ರ ನವೆಂಬರ್‌ನಲ್ಲಿ ಹೆರಿಗೆ ರಜೆಗೆ ಹೋದೆ. ರಜೆ ಮುಗಿದಾಗ, 2023ರ ಏಪ್ರಿಲ್ ಕೊನೆಗೆ ರಾಜೀನಾಮೆ ಕೊಟ್ಟೆ. ಈಗ 2025ರ ಮೇ ತಿಂಗಳು, ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಎರಡೂವರೆ ವರ್ಷದ ಬಿಡುವನ್ನು ಹೇಗೆ ತೋರಿಸಲಿ? ಹಳೆಯ ಕಂಪನಿ ಬಿಟ್ಟ ದಿನಾಂಕವನ್ನು ಒಂದು ವರ್ಷ ಮುಂದಕ್ಕೆ ಹಾಕು ಎಂದು ಗೆಳತಿ ಹೇಳುತ್ತಾಳೆ. ಫೆಬ್ರವರಿಯಿಂದ ಪರಿಚಯದವರ ಸಣ್ಣ ಸಂಸ್ಥೆಯೊಂದರ ಲೆಕ್ಕವನ್ನು ತಿಂಗಳಿಗೆ ಕೆಲವು ಗಂಟೆ, ಹಣ ಪಡೆಯದೆ ನೋಡಿಕೊಡುತ್ತಿದ್ದೇನೆ. ಅದನ್ನೇ ‘ಫ್ರೀಲ್ಯಾನ್ಸ್ ಸಲಹೆಗಾರ್ತಿ, 2023ರಿಂದ’ ಎಂದು ಬರೆ ಎನ್ನುತ್ತಾರೆ ಇನ್ನೊಬ್ಬರು. ಹಿಂದಿನ ಸಂದರ್ಶನದಲ್ಲಿ ಈ ಮಾತು ಬಂದಾಗ ವಿವರಿಸುತ್ತಾ ಹೋದೆ, ನನ್ನ ಕೆಲಸದ ಬಗ್ಗೆ ಮಾತನಾಡಲು ಸಮಯವೇ ಉಳಿಯಲಿಲ್ಲ.

ಉತ್ತರ: ಮೊದಲು ನಿಮ್ಮ ರಿಲೀವಿಂಗ್ ಲೆಟರ್ ತೆಗೆದು ಅದರಲ್ಲಿರುವ ಕೊನೆಯ ದಿನಾಂಕವನ್ನು ನೋಡಿ. ಅದು 2023ರ ಏಪ್ರಿಲ್ 30 ಆಗಿದ್ದರೆ ನಿಮ್ಮ ಬಿಡುವು ಎರಡೂವರೆ ವರ್ಷವಲ್ಲ, ಎರಡು ವರ್ಷ. ಹೆರಿಗೆ ರಜೆಯಲ್ಲಿದ್ದಾಗಲೂ ನೀವು ಆ ಕಂಪನಿಯ ಉದ್ಯೋಗಿಯೇ. ಕಚೇರಿಯ ಮೇಜಿನಿಂದ ಎದ್ದ ದಿನದಿಂದಲೇ ಲೆಕ್ಕ ಹಾಕಿ, ಇಲ್ಲದ ಆರು ತಿಂಗಳನ್ನು ತಮ್ಮ ತಲೆಗೆ ತಾವೇ ಹೇರಿಕೊಳ್ಳುವ ಎಷ್ಟೋ ತಾಯಂದಿರ ಅರ್ಜಿಗಳನ್ನು ನಾನು ನೋಡಿದ್ದೇನೆ. ಹಾಗೆ ಮಾಡಬೇಡಿ. ಉದ್ಯೋಗದ ಅವಧಿಯನ್ನು ಏಪ್ರಿಲ್ 2023ರವರೆಗೆ ಬರೆಯುವುದು ಸಂಪೂರ್ಣ ಸತ್ಯ. ಆದರೆ ‘ಕೊನೆಯ ಬಾರಿ ತಿಂಗಳ ಲೆಕ್ಕ ಮುಗಿಸಿದ್ದು ಯಾವಾಗ?’ ಎಂದು ಯಾರಾದರೂ ಕೇಳಿದರೆ ಉತ್ತರ ಅಕ್ಟೋಬರ್ 2022. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ದಿನಾಂಕಗಳು. ಎರಡೂ ನಿಮಗೆ ಬಾಯಿಪಾಠ ಇರಬೇಕು.

ಇನ್ನು ಗೆಳತಿಯ ಸಲಹೆ. ಕೆಲಸ ಕೊಡುವಾಗ ಅನೇಕ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಪರಿಶೀಲಿಸುವವರು ನಿಮ್ಮ ಹಳೆಯ ಕಂಪನಿಯ ಮಾನವ ಸಂಪನ್ಮೂಲ ವಿಭಾಗವನ್ನು ಕೇಳುವ ಮೊದಲ ವಿಷಯಗಳೇ ಸೇರಿದ ದಿನ, ಬಿಟ್ಟ ದಿನ ಮತ್ತು ಹುದ್ದೆ. ಬಿಟ್ಟ ದಿನವನ್ನು ಏಪ್ರಿಲ್ 2024 ಎಂದು ಬರೆದಿದ್ದರೆ ಅದು ಸಿಕ್ಕಿಬೀಳುವುದು ಅಲ್ಲೇ, ಅದೂ ಸಾಮಾನ್ಯವಾಗಿ ಆಫರ್ ಬಂದ ನಂತರ. ಕೆಲವೊಮ್ಮೆ ನೀವು ಕೆಲಸಕ್ಕೆ ಸೇರಿಯೂ ಆದ ನಂತರ. ಆಗ ಆಫರ್ ಹಿಂದಕ್ಕೆ ಹೋಗಬಹುದು, ಸೇರಿದ್ದರೆ ಕೆಲಸವೇ ಹೋಗಬಹುದು. ಬಿಡುವಿನ ಕಾರಣಕ್ಕೆ ಅರ್ಜಿ ತಿರಸ್ಕೃತವಾದರೆ ಒಂದು ಅವಕಾಶ ತಪ್ಪುತ್ತದೆ, ಅಷ್ಟೇ. ಸುಳ್ಳು ದಿನಾಂಕಕ್ಕೆ ತಿರಸ್ಕೃತವಾದರೆ ನಿಮ್ಮ ಆರು ವರ್ಷದ ನಿಜವಾದ ಅನುಭವದ ಮೇಲೂ ಅನುಮಾನ ಬೀಳುತ್ತದೆ. ಇನ್ನೊಬ್ಬರ ಹಣದ ಲೆಕ್ಕ ನೋಡುವ ಕೆಲಸಕ್ಕೆ ಅರ್ಜಿ ಹಾಕಿರುವವರಿಗಂತೂ ಇದು ದೊಡ್ಡ ಪೆಟ್ಟು.

ತಿಂಗಳನ್ನು ಬಿಟ್ಟು ‘2017–2023’ ಎಂದು ಬರಿ ವರ್ಷಗಳನ್ನು ಹಾಕುವ ಉಪಾಯವೂ ಒಂದಿದೆ. ಅದು ಸುಳ್ಳಲ್ಲ. ಆದರೆ ಆನ್‌ಲೈನ್ ಅರ್ಜಿಯ ನಮೂನೆ ಸಾಮಾನ್ಯವಾಗಿ ತಿಂಗಳನ್ನು ಕೇಳುತ್ತದೆ. ರೆಸ್ಯೂಮೆಯಲ್ಲಿ ವರ್ಷ ಮಾತ್ರ, ಅರ್ಜಿಯಲ್ಲಿ ತಿಂಗಳು, ಲಿಂಕ್ಡ್‌ಇನ್‌ನಲ್ಲಿ ಮತ್ತೇನೋ ಇದ್ದರೆ, ಓದುವವರಿಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎನ್ನಿಸುತ್ತದೆ. ಮೂರೂ ಕಡೆ ಒಂದೇ ತಿಂಗಳು, ಒಂದೇ ವರ್ಷ ಇರಲಿ. ವೃತ್ತಿ ವಿರಾಮವನ್ನು ಪ್ರತ್ಯೇಕವಾಗಿ ನಮೂದಿಸುವ ಸೌಲಭ್ಯವನ್ನು ಲಿಂಕ್ಡ್‌ಇನ್ 2022ರಲ್ಲೇ ತಂದಿದೆ, ಅದನ್ನು ಬಳಸಿ.

ರೆಸ್ಯೂಮೆಯಲ್ಲಿ ಈ ಎರಡು ವರ್ಷವನ್ನು ಖಾಲಿ ಬಿಡಬಾರದು. ಖಾಲಿ ಜಾಗವನ್ನು ಓದುವವರು ತಮಗೆ ತೋಚಿದ್ದರಿಂದ ತುಂಬಿಕೊಳ್ಳುತ್ತಾರೆ, ಅವರಿಗೆ ತೋಚುವುದು ನಿಜಕ್ಕಿಂತ ಕೆಟ್ಟದ್ದೇ ಆಗಿರುತ್ತದೆ. ಹಳೆಯ ಉದ್ಯೋಗದ ಮೇಲ್ಗಡೆ, ಅದೇ ಗಾತ್ರದ ಅಕ್ಷರದಲ್ಲಿ ಹೀಗೆ ಬರೆದರೆ ಸಾಕು:

> ಮೇ 2023 – ಈವರೆಗೆ: ಮಗುವಿನ ಆರೈಕೆಗಾಗಿ ಪೂರ್ಣಾವಧಿ ವಿರಾಮ.
> ಫೆಬ್ರವರಿ 2025ರಿಂದ ಒಂದು ಸಣ್ಣ ಸಂಸ್ಥೆಗೆ ಗೌರವಧನವಿಲ್ಲದೆ, ತಿಂಗಳಿಗೆ ಸುಮಾರು ಎಂಟು ಗಂಟೆ: ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಲೆಡ್ಜರ್ ತಾಳೆ ನೋಡುವುದು, ಬಾಕಿ ಬಿಲ್‌ಗಳ ಪಟ್ಟಿ ತಯಾರಿಸುವುದು.

ಎಂಟು ಗಂಟೆ ಎಂಬುದು ನನ್ನ ಊಹೆ, ನಿಮ್ಮ ನಿಜವಾದ ಲೆಕ್ಕವನ್ನು ಹಾಕಿ. ಫ್ರೀಲ್ಯಾನ್ಸ್ ಸಲಹೆಗೂ ಇದರಲ್ಲೇ ಉತ್ತರವಿದೆ. ನೀವು ಮಾಡಿದ ಕೆಲಸ ನಿಜ, ಅದನ್ನು ಹೇಳಲೇಬೇಕು. ಆದರೆ ಅದನ್ನು 2023ಕ್ಕೆ ಹಿಗ್ಗಿಸಿ ಸಲಹೆಗಾರ್ತಿ ಎಂದು ಹೆಸರಿಟ್ಟರೆ ಮುಂದಿನ ಪ್ರಶ್ನೆ ‘ಎಷ್ಟು ಗ್ರಾಹಕರಿದ್ದರು, ಇನ್‌ವಾಯ್ಸ್ ತೋರಿಸುತ್ತೀರಾ?’ ಎಂದು ಬರುತ್ತದೆ. ಮೂರು ತಿಂಗಳು, ಸಂಬಳವಿಲ್ಲದೆ, ಇಂತಿಷ್ಟು ಗಂಟೆ ಎಂದಾಗ ಕೆದಕಲು ಏನೂ ಉಳಿಯುವುದಿಲ್ಲ. ಮಾತು ನೇರವಾಗಿ ಆ ಕೆಲಸದ ಕಡೆಗೇ ಹೊರಳುತ್ತದೆ. ತಾಯ್ತನ ಸಮಯಪಾಲನೆ ಕಲಿಸಿತು, ಒತ್ತಡ ನಿಭಾಯಿಸಲು ಕಲಿಸಿತು ಎಂದು ರೆಸ್ಯೂಮೆಯಲ್ಲಿ ಬರೆಯುವುದು ಬೇಡ. ಅದು ನಿಜವೇ ಇರಬಹುದು, ಆದರೆ ಓದುವವರಿಗೆ ಅದನ್ನು ಪರೀಕ್ಷಿಸುವ ದಾರಿಯಿಲ್ಲ. ಲೆಡ್ಜರ್ ತಾಳೆ ನೋಡಲು ಬರುತ್ತದೆಯೇ ಎಂಬುದನ್ನು ಅವರು ಹತ್ತು ನಿಮಿಷದಲ್ಲಿ ಪರೀಕ್ಷಿಸಬಲ್ಲರು.

ಈಗ ಸಂದರ್ಶನಕ್ಕೆ ಬರೋಣ. ನಿಮಗೆ ತೊಡಕಾದದ್ದು ಇಲ್ಲೇ. ‘ಈ ಎರಡು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳುವವರು ಬಹುಪಾಲು ತಿಳಿಯಬಯಸುವುದು ಎರಡೇ ವಿಷಯ: ಕೆಲಸ ಇನ್ನೂ ಕೈಯಲ್ಲಿದೆಯೇ, ಸೇರಿದ ಮೇಲೆ ನಿಲ್ಲುತ್ತೀರಾ? ಆದರೆ ಉತ್ತರಿಸುವವರ ಕಿವಿಗೆ ಅದು ‘ಕೆಲಸ ಬಿಟ್ಟದ್ದೇಕೆ, ಸಮರ್ಥಿಸಿಕೊಳ್ಳಿ’ ಎಂದು ಕೇಳಿಸುತ್ತದೆ. ಹಾಗಾಗಿ ಮನೆಯ ಪರಿಸ್ಥಿತಿ, ಮಗುವಿನ ಆರೋಗ್ಯ, ಯಾರೂ ನೆರವಿಗಿರಲಿಲ್ಲ ಎಂಬುದೆಲ್ಲ ಹೊರಬರುತ್ತದೆ. ವಿವರಣೆ ಬೆಳೆದಂತೆ ಎದುರಿನವರಿಗೆ ಇದು ಇನ್ನೂ ಇತ್ಯರ್ಥವಾಗದ ವಿಷಯ ಎನ್ನಿಸತೊಡಗುತ್ತದೆ. ನಿಮ್ಮ ಉತ್ತರ ಅರ್ಧ ನಿಮಿಷ ದಾಟಬಾರದು. ನಿಮ್ಮ ವಿಷಯದಲ್ಲಿ ಅದು ಹೀಗಿರಬಹುದು:

> “2022ರ ನವೆಂಬರ್‌ನಲ್ಲಿ ಹೆರಿಗೆ ರಜೆಗೆ ಹೋದೆ. ಮಗುವನ್ನು ಮೊದಲ ಎರಡು ವರ್ಷ ನಾನೇ ನೋಡಿಕೊಳ್ಳಬೇಕೆಂದು ನಿರ್ಧರಿಸಿ, ರಜೆ ಮುಗಿದಾಗ ರಾಜೀನಾಮೆ ಕೊಟ್ಟೆ. ಈಗ ಹಗಲು ಹೊತ್ತು ಮಗುವನ್ನು ನೋಡಿಕೊಳ್ಳಲು ವ್ಯವಸ್ಥೆಯಾಗಿದೆ, ಪೂರ್ಣಾವಧಿ ಕೆಲಸಕ್ಕೆ ಸಿದ್ಧಳಿದ್ದೇನೆ. ಫೆಬ್ರವರಿಯಿಂದ ಒಂದು ಸಣ್ಣ ಸಂಸ್ಥೆಯ ಲೆಕ್ಕ ತಾಳೆ ನೋಡುತ್ತಿದ್ದೇನೆ. ನಿಮ್ಮಲ್ಲಿ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ ಎಷ್ಟನೇ ತಾರೀಖಿನೊಳಗೆ ಮುಗಿಸಬೇಕಾಗುತ್ತದೆ?”

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದು ಮಾತನ್ನು ನಿಮ್ಮ ಮನೆಯಿಂದ ಅವರ ಕಚೇರಿಗೆ ಒಯ್ಯುತ್ತದೆ, ಜೊತೆಗೆ ನೀವು ಆ ಕೆಲಸ ಬಲ್ಲವರು ಎಂಬುದನ್ನೂ ತೋರಿಸುತ್ತದೆ. ಅದನ್ನು ಕೇಳಿ ಸುಮ್ಮನಾಗಿ. ಮೌನ ಕಂಡು ಗಾಬರಿಯಾಗಿ ಮತ್ತೆ ವಿವರಣೆಗೆ ಇಳಿದರೆ ಕಳೆದ ಬಾರಿ ಆದದ್ದೇ ಆಗುತ್ತದೆ. ‘ದುರದೃಷ್ಟವಶಾತ್’, ‘ಅನಿವಾರ್ಯವಾಗಿ’, ‘ಬರೀ ಮನೆಯಲ್ಲೇ ಇದ್ದೆ’ ಎಂಬ ಮಾತುಗಳೂ ಬೇಡ. ನೀವು ಮಾಡಿದ್ದು ಕ್ಷಮೆ ಕೇಳುವಂಥದ್ದಲ್ಲ.

ವ್ಯವಸ್ಥೆಯಾಗಿದೆ ಎಂಬ ಮಾತು ಆ ದಿನಕ್ಕೆ ನಿಜವಾಗಿರಬೇಕು. ಶಿಶುಪಾಲನಾ ಕೇಂದ್ರದಲ್ಲಿ ಜಾಗ ಸಿಗುವುದು ಜುಲೈನಲ್ಲಿ ಎಂದಾದರೆ ‘ಜುಲೈ ಮೊದಲ ವಾರ ಸೇರಬಲ್ಲೆ’ ಎಂದು ಹೇಳಿ. ಬೇರೆ ಕಡೆ ಕೆಲಸದಲ್ಲಿರುವವರ ನೋಟಿಸ್ ಅವಧಿ ಮುಗಿಯಲೆಂದು ಒಂದೆರಡು ತಿಂಗಳು ಕಾಯುವುದು ಕಂಪನಿಗಳಿಗೆ ಹೊಸದಲ್ಲ. ನಾಳೆಯೇ ಬರುತ್ತೇನೆಂದು ಹೇಳಿ ಮೊದಲ ವಾರವೇ ರಜೆ ಕೇಳುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಾಮಾಣಿಕತೆಗೂ ಎಲ್ಲವನ್ನೂ ಬಿಚ್ಚಿಡುವುದಕ್ಕೂ ವ್ಯತ್ಯಾಸವಿದೆ. ಈ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಹೆರಿಗೆ ಕಷ್ಟವಾಗಿತ್ತೇ, ನಂತರ ಖಿನ್ನತೆ ಕಾಡಿತ್ತೇ, ಮನೆಯಲ್ಲಿ ಒಪ್ಪಿಗೆ ಇತ್ತೇ ಎಂಬುದು ಯಾವುದೂ ಸಂದರ್ಶಕರಿಗೆ ಸೇರಿದ್ದಲ್ಲ. ಹೇಳಿದ್ದೆಲ್ಲ ನಿಜವಾಗಿದ್ದರೆ ಸಾಕು, ನಿಜವನ್ನೆಲ್ಲ ಹೇಳಬೇಕಾಗಿಲ್ಲ. ‘ಇನ್ನೊಂದು ಮಗು ಮಾಡಿಕೊಳ್ಳುತ್ತೀರಾ?’ ಎಂಬ ಪ್ರಶ್ನೆಗೆ ಹಲವು ದೇಶಗಳಲ್ಲಿ ಕಾನೂನಿನ ಅಡ್ಡಿಯಿದೆ. ಆದರೂ ಕೇಳುವವರು ಕೇಳುತ್ತಾರೆ. ಆಗ ಇಲ್ಲ ಎಂದು ಮಾತು ಕೊಡಬೇಡಿ, ಜಗಳಕ್ಕೂ ಹೋಗಬೇಡಿ. ‘ಅದು ನನ್ನ ಮನೆಯ ವಿಷಯ, ಈ ಹುದ್ದೆಯಲ್ಲಿ ಬಹುಕಾಲ ಇರಬೇಕೆಂದೇ ಬಂದಿದ್ದೇನೆ’ ಎಂದರೆ ಅವರ ನಿಜವಾದ ಆತಂಕಕ್ಕೆ ಉತ್ತರ ಸಿಗುತ್ತದೆ. ಅಷ್ಟಕ್ಕೂ ಬಿಡದೆ ಮತ್ತೆ ಮತ್ತೆ ಅದನ್ನೇ ಕೇಳಿದರೆ, ಮಗುವಿಗೆ ಜ್ವರ ಬಂದ ದಿನ ಆ ಕಚೇರಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಿಮಗೆ ಮೊದಲೇ ತಿಳಿದಂತಾಯಿತು.

‘ಮಗುವಿಗೆ ಹುಷಾರಿಲ್ಲದಿದ್ದರೆ?’ ಎಂಬ ಪ್ರಶ್ನೆಯನ್ನು ಕೆಲಸದ ವೇಳೆಯ ಪ್ರಶ್ನೆಯಾಗಿ ತೆಗೆದುಕೊಳ್ಳಿ. ತಿಂಗಳ ಕೊನೆಯಲ್ಲಿ ಎಷ್ಟು ದಿನ ತಡವಾಗಿ ಕೂರಬೇಕಾಗುತ್ತದೆ ಎಂದು ಕೇಳಿ, ಆಗುತ್ತದೆಯೋ ಇಲ್ಲವೋ ಸ್ಪಷ್ಟವಾಗಿ ಹೇಳಿ. ‘ಕೆಲಸ ಮರೆತಿರಬಹುದಲ್ಲ?’ ಎಂದರೆ ಮರೆತಿಲ್ಲ ಎಂದು ವಾದಿಸುವ ಬದಲು, ಈ ಮೂರು ತಿಂಗಳಲ್ಲಿ ಎದುರಾದ ಒಂದು ತಾಳೆಯಾಗದ ಮೊತ್ತದ ಕಥೆ ಹೇಳಿ: ಎಷ್ಟು ವ್ಯತ್ಯಾಸವಿತ್ತು, ಯಾವ ನಮೂದಿನಿಂದ ಬಂದಿತ್ತು, ನೀವು ಹೇಗೆ ಹಿಡಿದಿರಿ. ಸಂಸ್ಥೆಯ ಹೆಸರನ್ನಾಗಲಿ ಗುಟ್ಟನ್ನಾಗಲಿ ಹೇಳಬೇಡಿ. ಈ ಎರಡು ವರ್ಷದಲ್ಲಿ ತೆರಿಗೆ ನಿಯಮ ಮತ್ತು ತಂತ್ರಾಂಶದಲ್ಲಿ ಏನು ಬದಲಾಗಿದೆ ಎಂಬುದನ್ನೂ ಮೊದಲೇ ಓದಿಕೊಂಡಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿ.

ಕೊನೆಯ ಸಂಬಳ ಕೇಳಿದರೆ ಹಳೆಯ ಮೊತ್ತವನ್ನೇ ಹೇಳಿ, ಜೊತೆಗೆ ಅದು 2023ರದ್ದು ಎಂದೂ ಸೇರಿಸಿ. ನಿರೀಕ್ಷೆಯನ್ನು ಇಂದಿನ ದಿನಕ್ಕೆ ಆ ಹುದ್ದೆಗೆ ಸಿಗುವ ಸಂಬಳದ ಆಧಾರದ ಮೇಲೆ ಹೇಳಿ.

ಇದೆಲ್ಲದರ ಮೊದಲು ಇನ್ನೊಂದು ಕೆಲಸವಿದೆ. ಎರಡು ವರ್ಷದಲ್ಲಿ ನಿಮ್ಮ ಹಳೆಯ ಮೇಲಧಿಕಾರಿ ಬೇರೆ ಕಂಪನಿ ಸೇರಿರಬಹುದು, ಅವರ ಕಚೇರಿ ಇಮೇಲ್ ಸತ್ತಿರಬಹುದು. ರೆಫರೆನ್ಸ್ ಎಂದು ಅವರ ಹೆಸರು ಕೊಡುವ ಮುಂಚೆ ಫೋನ್ ಮಾಡಿ, ಮತ್ತೆ ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸಿ, ನಿಮ್ಮ ಹುದ್ದೆ, ಸೇರಿದ ದಿನ ಮತ್ತು ಬಿಟ್ಟ ದಿನವನ್ನು ಸಂದೇಶದಲ್ಲಿ ಕಳುಹಿಸಿ. ಪರಿಶೀಲನೆಯ ಕರೆ ಬಂದಾಗ ಅವರು ನೆನಪಿನಿಂದ ಹೇಳುವ ತಿಂಗಳು ನೀವು ಬರೆದ ತಿಂಗಳಿಗಿಂತ ಬೇರೆಯಾಗದಿರಲು ಇಷ್ಟು ಸಾಕು.