ಆನೆ ಬೇಡ, ಹಳದಿ ಗೆರೆ ತೋರಿಸಿ

ಪೈಪ್ ಕಂಪನಿಯವರು ಜಾಹೀರಾತು ಬರೆಸಲು ಬಂದು ಕೂತರೆ ಅರ್ಧ ಗಂಟೆಯೊಳಗೆ ಆನೆಯ ಮಾತು ಬಂದೇ ಬರುತ್ತದೆ. ಆನೆ ಪೈಪ್ ಮೇಲೆ ನಿಲ್ಲಬೇಕು, ಪೈಪ್ ಮುರಿಯಬಾರದು. ಮನೆ ಕಟ್ಟಿಸುವವರಿಗೆ ಇದು ನಡೆದೀತು. ಆದರೆ ಕಂಟ್ರಾಕ್ಟರ್‌ಗೆ? ಅವರ ನಿದ್ದೆ ಕೆಡಿಸುವುದು ಹೆಚ್ಚಾಗಿ ಪೈಪ್ ಅಲ್ಲ, ಜಾಯಿಂಟ್.

ಒಮ್ಮೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನ ಜಾಯಿಂಟ್ ಅಂಟಿಸಲು ಹಚ್ಚುವ ಸಾಲ್ವೆಂಟ್‌ಗೆ 30 ಸೆಕೆಂಡಿನ ಸ್ಕ್ರಿಪ್ಟ್ ಬರೆಯಬೇಕಿತ್ತು. ಅಷ್ಟರಲ್ಲಿ ಕನ್ನಡದಲ್ಲಿ ಆರಾಮಾಗಿ ಹಿಡಿಯುವುದು ಐವತ್ತು ಪದ. ಕಂಪನಿ ಕೊಟ್ಟ ಪಟ್ಟಿಯಲ್ಲಿ ಒಂಬತ್ತು ಗುಣಗಳಿದ್ದವು, ಎಲ್ಲವೂ ಬೇಕಂತೆ!

ಪಟ್ಟಿ ಬದಿಗಿಟ್ಟು ಒಬ್ಬ ಪ್ಲಂಬಿಂಗ್ ಮೇಸ್ತ್ರಿಯನ್ನು ಕೇಳಿದೆ, "ಯಾವ ಫೋನ್ ಬಂದರೆ ನಿಮಗೆ ಭಯ?"

"ಟೈಲ್ಸ್ ಹಾಕಿದ ಮೇಲೆ ಗೋಡೆ ಒದ್ದೆ ಅಂತ ಬರೋ ಫೋನ್ ಸಾರ್. ಹುಡುಗ ಅಳತೆ ನೋಡೋಕೆ ಎಲ್ಬೋ ಸುಮ್ನೆ ಸಿಕ್ಕಿಸಿರ್ತಾನೆ. ಊಟ ಮಾಡ್ಕೊಂಡು ಬಂದು ಸಾಲ್ವೆಂಟ್ ಹಚ್ಚೋದೇ ಮರೀತಾನೆ."

ಅಂಥ ಜಾಯಿಂಟ್ ಬಿಗಿಯಾಗಿಯೇ ಕೂತಿರುತ್ತದೆ. ನೀರಿನ ಒತ್ತಡ ಬಿದ್ದಾಗ ಜಾರುತ್ತದೆ. ಪಟ್ಟಿಯ ಏಳನೇ ಸಾಲಿನಲ್ಲಿ 'ಹಳದಿ ಬಣ್ಣ' ಅಂತ ಇತ್ತು. ಕಂಪನಿಗೆ ಅದು ಬರೀ ಬಣ್ಣ. ಮೇಸ್ತ್ರಿಗೆ ಹಾಗಲ್ಲ. ಸಾಲ್ವೆಂಟ್ ಹಚ್ಚಿದ ಜಾಯಿಂಟ್‌ನ ಅಂಚಿನಲ್ಲಿ ಹಳದಿ ಗೆರೆ ನಿಲ್ಲುತ್ತದೆ, ಹಚ್ಚದಿದ್ದರೆ ಇಲ್ಲ.

ಸ್ಕ್ರಿಪ್ಟ್ ಅಷ್ಟೇ. ಮೇಸ್ತ್ರಿ ಟಾರ್ಚ್ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತಾರೆ. ಹತ್ತು ಸೆಕೆಂಡು ಮಾತಿಲ್ಲ. ಹಳದಿ, ಹಳದಿ, ಮತ್ತೆ ಹಳದಿ. ಟಾರ್ಚ್ ನಿಲ್ಲುತ್ತದೆ. "ಲೋ, ಇದಕ್ಕೆ ಹಚ್ಚಿಲ್ಲ ಕಣೋ." ಆಮೇಲೆ ಡಬ್ಬಿ, ಹೆಸರು.

ಕೊನೆಗೆ ಕಂಪನಿಯವರು 'ಲೀಕ್ ಆಗೋದೇ ಇಲ್ಲ' ಸೇರಿಸಿ ಅಂದರು. ಒಪ್ಪಲಿಲ್ಲ. ಗೆರೆ ಹೇಳುವುದು ಹಚ್ಚಿದ್ದಾರೆ ಅಂತ ಮಾತ್ರ. ಪೈಪ್ ಪೂರ್ತಿ ಒಳಗೆ ಹೋಗಿದೆಯಾ, ಅಂಟು ಕಚ್ಚುವ ತನಕ ಒತ್ತಿ ಹಿಡಿದಿದ್ದರಾ ಎಂದು ಅದು ಹೇಳುವುದಿಲ್ಲ. ಎಲ್ಬೋದಂಥ ಫಿಟ್ಟಿಂಗ್‌ನ ಬಾಯಿ ಒಳಕ್ಕೆ ಹೋದಂತೆ ಸ್ವಲ್ಪ ಕಿರಿದಾಗುತ್ತದೆ, ಕೈ ಬಿಟ್ಟರೆ ಪೈಪನ್ನು ಹಿಂದಕ್ಕೆ ತಳ್ಳುತ್ತದೆ. ಪ್ರೆಶರ್ ಟೆಸ್ಟ್ ಮಾಡಲೇಬೇಕು. ಮುಂದೆ ಎಲ್ಲಾದರೂ ಲೀಕ್ ಆದರೆ ಕಂಟ್ರಾಕ್ಟರ್ ಇದೇ ಜಾಹೀರಾತನ್ನು ಮೊಬೈಲ್‌ನಲ್ಲಿ ಹಿಡಿದು ಡೀಲರ್ ಮುಂದೆ ನಿಲ್ಲುತ್ತಾರೆ, ಅಲ್ವಾ?

ಇದನ್ನೇ ಡೀಲರ್‌ಗಳಿಗೂ ಕಳಿಸೋಣ ಅಂದರು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು: ಡೀಲರ್ ಬೇರೆ, ಕಂಟ್ರಾಕ್ಟರ್ ಬೇರೆ. ಡೀಲರ್ ಪೈಪ್ ಜೋಡಿಸುವುದಿಲ್ಲ. ಅವರ ಚಿಂತೆ ಶೆಲ್ಫ್‌ನಲ್ಲೇ ಹಳೆಯದಾಗಿ ಜೆಲ್ಲಿಯಂತೆ ಗಟ್ಟಿಯಾಗುವ ಡಬ್ಬಿಯದು. ಅದನ್ನು ತಿನ್ನರ್ ಹಾಕಿ ತೆಳು ಮಾಡಿ ಮಾರುವಂತಿಲ್ಲ, ಎಸೆಯಬೇಕು. ಹಾಗಾಗಿ ಅವರ ಸ್ಕ್ರಿಪ್ಟ್ ಡಬ್ಬಿಯ ಮೇಲಿನ ತಾರೀಕಿನಿಂದ ಶುರುವಾಯಿತು. ಕೊನೆಯ ಸಾಲು, 'ಅವಧಿ ಮುಗಿದರೆ ಬದಲಿ ಕೊಡುತ್ತೇವೆ.'

ಅದನ್ನು ಕಂಪನಿ ಮೊದಲು ಪತ್ರದಲ್ಲಿ ಬರೆದುಕೊಡಲಿ ಎಂದೆ. ಪತ್ರ ಇನ್ನೂ ಬಂದಿಲ್ಲ. ಆ ಸ್ಕ್ರಿಪ್ಟ್ ನನ್ನ ಮೇಜಿನ ಮೇಲೇ ಇದೆ.