ಒಂದು ಟಿಬಿ ಡಿಸ್ಕಿನಲ್ಲಿ 931 ಜಿಬಿ: ಉಳಿದದ್ದು ಎಲ್ಲಿ?

ಬೆಳಗಾವಿಯ ಅಂಗಡಿಗಳಿಂದ ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ಮದುವೆ ವಿಡಿಯೋ ತುಂಬಿಸಲು ಕೂತವರ ಮೊದಲ ಅನುಮಾನ ಒಂದೇ: "ಬಾಕ್ಸ್ ಮ್ಯಾಲೆ 1 ಟಿಬಿ ಅಂತ ಐತಿ, ಇಲ್ಲಿ 931 ಜಿಬಿ ತೋರಸ್ತೈತಿ. ಹಳೇ ಮಾಲು ಕೊಟ್ಟಾರೇನು?" ಇಲ್ಲ. ಜಾಗ ಪೂರ್ತಿ ಇದೆ, ಎಣಿಸುವ ಲೆಕ್ಕ ಮಾತ್ರ ಬೇರೆ.

ಕಂಪ್ಯೂಟರಿನ ಮೆಮೊರಿ ಚಿಪ್ಪಿನ ವಿಳಾಸಗಳು ಎರಡರ ಗುಣಾಕಾರದಲ್ಲಿ ಬೆಳೆಯುತ್ತವೆ. ಹಾಗಾಗಿ ಸಾವಿರಕ್ಕೆ ಹತ್ತಿರದ 1024 ಬೈಟನ್ನೇ ಒಂದು ಕೆಬಿ ಎನ್ನುವುದು ರೂಢಿಯಾಯಿತು. ಡಿಸ್ಕಿಗೆ ಆ ಕಟ್ಟುಪಾಡಿಲ್ಲ. ಒಳಗಿನ ತಟ್ಟೆಯ ಮೇಲೆ ಸೆಕ್ಟರ್ ಎಂಬ ಸಣ್ಣ ತುಂಡುಗಳು ಎಷ್ಟು ಹಿಡಿಯುತ್ತವೋ ಅಷ್ಟು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನ ಅಳತೆಯನ್ನೂ 50 ಲಕ್ಷ ಅಕ್ಷರ ಎಂದು ದಶಮಾನದಲ್ಲೇ ಹೇಳಿದ್ದರು. ತಯಾರಕರು ಇಂದಿಗೂ ಸಾವಿರದ ಲೆಕ್ಕವನ್ನೇ ಹಿಡಿದಿದ್ದಾರೆ, ವಿಂಡೋಸ್ 1024ರ ಲೆಕ್ಕವನ್ನು.

ಒಂದು ಟಿಬಿ ಡಿಸ್ಕಿನಲ್ಲಿ ಸಾಮಾನ್ಯವಾಗಿ 1,000,204,886,016 ಬೈಟ್ ಇರುತ್ತದೆ. ಇದನ್ನು 1024ರಿಂದ ಮೂರು ಸಲ ಭಾಗಿಸಿದರೆ 931.51 ಬರುತ್ತದೆ. ವಿಂಡೋಸ್ ಅದರ ಮುಂದೆ `GB` ಎಂದೇ ಬರೆಯುತ್ತದೆ. ಗೊಂದಲದ ಬೇರು ಅಲ್ಲಿದೆ. ಕೆಬಿಯಲ್ಲಿ ಶೇ. 2ರಷ್ಟಿದ್ದ ಅಂತರ ಒಂದೊಂದು ಮೆಟ್ಟಿಲಿಗೂ ಹಿಗ್ಗಿ ಜಿಬಿಯಲ್ಲಿ ಶೇ. 7, ಟಿಬಿಯಲ್ಲಿ ಶೇ. 9 ಆಗುತ್ತದೆ. ಹಳೆಯ 40 ಎಂಬಿ ಡಿಸ್ಕಿನಲ್ಲಿ ಕಾಣದಿದ್ದದ್ದು ಈಗ ಕಣ್ಣಿಗೆ ರಾಚಲು ಇದೇ ಕಾರಣ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ಪಟ್ಟಿಗಳಿಗೆ ತೆಗೆದುಕೊಳ್ಳುವುದು ಇದರ ಮುಂದೆ ತೀರ ಅಲ್ಪ. ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿದರೂ 931 ಏರುವುದಿಲ್ಲ.

1998ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1024ರ ಲೆಕ್ಕಕ್ಕೆ ಕಿಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರು ಕೊಟ್ಟಿತು. ಜನರ ಬಾಯಿಗೆ ಅವು ಬರಲಿಲ್ಲ. ಅಮೆರಿಕದಲ್ಲಿ ಗ್ರಾಹಕರು ವೆಸ್ಟರ್ನ್ ಡಿಜಿಟಲ್ ಮೇಲೆ, ಆಮೇಲೆ ಸೀಗೇಟ್ ಮೇಲೆ ಮೊಕದ್ದಮೆ ಹೂಡಿದರು. 2006 ಮತ್ತು 2007ರಲ್ಲಿ ಅವು ರಾಜಿಯಲ್ಲಿ ಮುಗಿದವು. ಆಪಲ್ 2009ರಲ್ಲಿ ತನ್ನ ಮ್ಯಾಕ್ ಲೆಕ್ಕವನ್ನು ಸಾವಿರಕ್ಕೆ ಬದಲಿಸಿತು. ಅದೇ ಡಿಸ್ಕನ್ನು ಮ್ಯಾಕ್‌ಗೆ ಚುಚ್ಚಿದರೆ 1 ಟಿಬಿ ಎಂದೇ ತೋರಿಸುತ್ತದೆ.

ಹಾಗಂತ ಎಲ್ಲ ಕೊರತೆಯೂ ಲೆಕ್ಕದ್ದಲ್ಲ. 4 ಟಿಬಿ ಡಿಸ್ಕು ವಿಂಡೋಸ್‌ನಲ್ಲಿ 3.63 ಟಿಬಿ ತೋರಿಸಬೇಕು. ಬರೀ 2 ಟಿಬಿ ಕಂಡರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಅನ್ನು `diskmgmt.msc` ಎಂದು ಟೈಪಿಸಿ ತೆರೆಯಿರಿ. 2048 ಜಿಬಿ ಭಾಗದ ಪಕ್ಕದಲ್ಲಿ ಸುಮಾರು 1678 ಜಿಬಿ `Unallocated` ಎಂದು ಕಪ್ಪು ಪಟ್ಟಿಯಲ್ಲಿದ್ದರೆ, ಡಿಸ್ಕಿಗೆ ಹಳೆಯ ಎಂಬಿಆರ್ ವಿಭಜನಾ ಪಟ್ಟಿ ಹಾಕಿದ್ದಾರೆ. 512 ಬೈಟಿನ ಸೆಕ್ಟರ್ ಇದ್ದಾಗ ಅದು 2 ಟಿಬಿ ದಾಟಿ ಎಣಿಸಲಾರದು. ಇಂಥ ಡಿಸ್ಕನ್ನು ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿಗೆ ಬದಲಿಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಆಯ್ಕೆ ಸಿಗಬೇಕಾದರೆ ಮೊದಲು ಇರುವ ವಾಲ್ಯೂಮ್ ಅಳಿಸಬೇಕು, ಅದರೊಂದಿಗೆ ಒಳಗಿನ ಫೈಲುಗಳೂ ಹೋಗುತ್ತವೆ. ಆದ್ದರಿಂದ ವಿಡಿಯೋ ತುಂಬಿಸುವ ಮುಂಚೆಯೇ ಇದನ್ನು ನೋಡಿಕೊಳ್ಳಿ.