ಚಿಕಿತ್ಸೆ ನನ್ನ ಹಕ್ಕಾದರೆ, ಕರ್ತವ್ಯ ಯಾರದ್ದು?

ಹಕ್ಕುಗಳಲ್ಲಿ ಎರಡು ಬಗೆ. ನಕಾರಾತ್ಮಕ ಹಕ್ಕು ಅಂದರೆ ಬೇರೆಯವರು ಅಡ್ಡ ಬರದೆ ಸುಮ್ನೆ ಇದ್ದರೆ ಸಾಕು. ನನ್ನನ್ನು ಹೊಡೆಯಬಾರದು, ನನ್ನ ಹೊಲಕ್ಕೆ ನುಗ್ಗಬಾರದು, ಅಷ್ಟೇ. ಸಕಾರಾತ್ಮಕ ಹಕ್ಕಿಗೆ ಅಷ್ಟು ಸಾಲದು. ಯಾರಾದರೂ ಎದ್ದು ಬಂದು ಏನಾದರೂ ಮಾಡಬೇಕು: ಶಾಲೆ ನಡೆಸಬೇಕು, ಸೂಜಿ ಮಾಡಬೇಕು, ಗಾಯಕ್ಕೆ ಹೊಲಿಗೆ ಹಾಕಬೇಕು.

ತಕರಾರು ಹುಟ್ಟುವುದು ಇಲ್ಲೇ. ಚಿಕಿತ್ಸೆ ನನ್ನ ಹಕ್ಕು ಅಂದರೆ ಡಾಕ್ಟರು ನನಗಾಗಿ ಬಿಟ್ಟಿ ದುಡಿಯಬೇಕಾ? ಪ್ರಶ್ನೆ ನ್ಯಾಯವಾದದ್ದೇ. ಆದರೆ 'ಬೇರೆಯವರು' ಅಂತ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಉತ್ತರ ಸಿಗುವುದಿಲ್ಲ. ಯಾರ ಮೇಲೆ ಎಷ್ಟು ಹೊರೆ ಅಂತ ಬಿಡಿಸಿ ನೋಡಬೇಕು.

ಬಂಕಾಪುರದ ಹತ್ತಿರ ಹೈವೇಯಲ್ಲಿ ಕಾರೊಂದು ಬೈಕಿಗೆ ಗುದ್ದಿದೆ, ಬೈಕಿನವನ ಕಾಲಿನಿಂದ ರಕ್ತ ಹೋಗುತ್ತಿದೆ ಅಂದುಕೊಳ್ಳಿ. ಸುತ್ತ ನಿಂತವರಲ್ಲಿ ಒಬ್ಬರು "ಎತ್ಕೊಂಡು ಹೋದ್ರ ನಾಳೆ ಸ್ಟೇಷನ್‌ಗೆ ಅಡ್ಡಾಡೋರು ಯಾರ್ರೀ?" ಅನ್ನುತ್ತಾರೆ. ದಾರಿಹೋಕರು ಎತ್ತಲೇಬೇಕು ಅಂತ ನಮ್ಮ ಕಾನೂನು ಒತ್ತಾಯ ಮಾಡುವುದಿಲ್ಲ. ಎತ್ತಿದವರಿಗೆ ರಕ್ಷಣೆ ಮಾತ್ರ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿಸಿದರು, ಮರುವರ್ಷ ಬಂದ ನಿಯಮಗಳ ಪ್ರಕಾರ ಪೊಲೀಸರು ಅವರ ಹೆಸರು, ವಿಳಾಸ ಹೇಳಿ ಅಂತ ಬಲವಂತ ಮಾಡುವಂತಿಲ್ಲ.

ಕಾರಿನ ಡ್ರೈವರ್ ಮಾತು ಬೇರೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಅದೇ ಕಾಯ್ದೆಯ 134ನೇ ಕಲಂ ಪ್ರಕಾರ ಅವನ ಕರ್ತವ್ಯ. ಜನ ರೊಚ್ಚಿಗೆದ್ದು ಅಲ್ಲಿ ನಿಲ್ಲಲಾಗದ ಸ್ಥಿತಿ ಬಂದರೆ ಅಂಥದ್ದಕ್ಕೆ ಮಾತ್ರ ವಿನಾಯಿತಿ. ಅದೇ ಕಲಂ ಡ್ಯೂಟಿಯಲ್ಲಿರುವ ಡಾಕ್ಟರಿಗೂ ಹೇಳುತ್ತದೆ: ಕಾಗದಪತ್ರಕ್ಕೆ ಕಾಯದೆ ತಕ್ಷಣ ನೋಡಿ. ಇದಕ್ಕೂ ಮೊದಲೇ, 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ಡಾಕ್ಟರಿನ ಕರ್ತವ್ಯ ಅಂದಿತ್ತು. ಸ್ಕೂಟರ್ ಅಪಘಾತದ ಗಾಯಾಳುವನ್ನು, ಇದು ಪೊಲೀಸ್ ಕೇಸು ಅಂತ 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದ್ದರು, ಆತ ದಾರಿಯಲ್ಲೇ ತೀರಿಕೊಂಡಿದ್ದ.

ಆದರೆ ಈ ಹೊರೆಗೂ ಒಂದು ಗಡಿ ಇದೆ. ರಕ್ತ ನಿಲ್ಲಿಸಬೇಕು, ಉಸಿರಾಟ ಸರಿಪಡಿಸಬೇಕು, ತಮ್ಮಲ್ಲಿ ಆಗದಿದ್ದರೆ ಹುಬ್ಬಳ್ಳಿ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮುಂದಿನ ತಿಂಗಳ ಮೂಳೆ ಆಪರೇಷನ್ನನ್ನೂ ಖಾಸಗಿ ಡಾಕ್ಟರೇ ಬಿಟ್ಟಿ ಮಾಡಬೇಕು ಅಂತ ಅರ್ಥವಲ್ಲ. ಇದನ್ನು ಜೀತ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಲೈಸೆನ್ಸ್ ಇಲ್ಲದವರು ಈ ಕೆಲಸ ಮಾಡಿದರೆ ಶಿಕ್ಷೆ. ಹಾಗೆ ಸಿಕ್ಕ ಅಧಿಕಾರದ ಜೊತೆಗೇ ಬಂದ ಹೊಣೆ ಇದು.

ಉಳಿದ ದೊಡ್ಡ ಹೊರೆ ಸರ್ಕಾರದ್ದು. ಸಂವಿಧಾನದ 21ನೇ ವಿಧಿ ಓದಿದರೆ ಅದು ನಕಾರಾತ್ಮಕ ಹಕ್ಕಿನ ಹಾಗೇ ಇದೆ: ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಕಸಿಯಬಾರದು. ಆದರೆ 1992ರಲ್ಲಿ ಪಶ್ಚಿಮ ಬಂಗಾಳದ ಒಬ್ಬ ಕೂಲಿ ಕಾರ್ಮಿಕ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಸರ್ಕಾರಿ ಆಸ್ಪತ್ರೆ ಒಂದಾದ ಮೇಲೊಂದು ಬೆಡ್ ಇಲ್ಲ, ಸೌಲಭ್ಯ ಇಲ್ಲ ಅಂತ ವಾಪಸ್ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ರೂಪಾಯಿ ಖರ್ಚಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ 25 ಸಾವಿರ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ಕೊಡದಿರುವುದು 21ನೇ ವಿಧಿಯ ಉಲ್ಲಂಘನೆ, ರೊಕ್ಕ ಇಲ್ಲ ಅಂತ ಸರ್ಕಾರ ಜಾರಿಕೊಳ್ಳುವಂತಿಲ್ಲ ಅಂದಿತು.

ಹಾಗಂತ ಎಲ್ಲ ಚಿಕಿತ್ಸೆಗೂ ಇದೇ ಮಾತು ನಡೆಯುವುದಿಲ್ಲ. ಎರಡೇ ವರ್ಷದಲ್ಲಿ ಪಂಜಾಬಿನ ಸರ್ಕಾರಿ ನೌಕರರ ಆಸ್ಪತ್ರೆ ಬಿಲ್ಲಿನ ಪ್ರಕರಣ ಬಂದಾಗ, ಯಾವ ಸರ್ಕಾರದ ಹತ್ತಿರವೂ ಮುಗಿಯದ ಹಣ ಇರುವುದಿಲ್ಲ, ಎಷ್ಟು ಕೊಡಬೇಕು ಅನ್ನುವುದಕ್ಕೆ ಮಿತಿ ಹಾಕಬಹುದು ಅಂತ ಅದೇ ಕೋರ್ಟ್ ಹೇಳಿತು.

ಸರ್ಕಾರದ್ದು ಅಂದರೆ ಕೊನೆಗೆ ತೆರಿಗೆ ಕಟ್ಟುವ ನಮ್ಮೆಲ್ಲರದ್ದೇ ಅಲ್ವಾ? ಹೌದು. ಆದರೆ ಹೊಲಕ್ಕೆ ಯಾರೂ ನುಗ್ಗಬಾರದು ಅನ್ನುವ ಹಕ್ಕಿಗೂ ಪೊಲೀಸ್ ಬೇಕು, ಕೋರ್ಟ್ ಬೇಕು, ಅವರ ಸಂಬಳವೂ ನಮ್ಮ ತೆರಿಗೆಯಿಂದಲೇ ಹೋಗುತ್ತದೆ. ಹಾಗಾಗಿ ಎರಡು ಬಗೆಯ ಹಕ್ಕುಗಳ ನಡುವಿನ ಗೆರೆ, ಪುಸ್ತಕದಲ್ಲಿ ಕಾಣುವಷ್ಟು ದಪ್ಪಗೆ ಇಲ್ಲ.

ನಿಜವಾದ ಜಗಳ ಆಸ್ಪತ್ರೆ ಬಿಲ್ಲಿನದ್ದು. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆ ತಂದಿತು. ತುರ್ತು ಸ್ಥಿತಿಯಲ್ಲಿ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕು, ರೋಗಿ ಕಟ್ಟದಿದ್ದರೆ ಸರ್ಕಾರ ಕೊಡುತ್ತದೆ ಅಂತ ಅದರಲ್ಲಿದೆ. ಖಾಸಗಿ ಡಾಕ್ಟರುಗಳು ಬೀದಿಗಿಳಿದರು. ಯಾವುದು ತುರ್ತು, ಸರ್ಕಾರದ ಹಣ ಯಾವಾಗ ಕೈಗೆ ಬರುತ್ತದೆ ಅನ್ನುವುದು ಅವರ ಪ್ರಶ್ನೆಯಾಗಿತ್ತು, ಮತ್ತು ಅದು ಸರಿಯಾದ ಪ್ರಶ್ನೆ. ಹಣ ಕೊಡುವವರು ಯಾರು, ಎಷ್ಟು ದಿನದೊಳಗೆ ಅಂತ ಕಾನೂನು ಸ್ಪಷ್ಟವಾಗಿ ಬರೆಯದಿದ್ದರೆ, ಎಲ್ಲರೂ ಹೊರಬೇಕಾದ ಹೊರೆ ಆ ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬರ ತಲೆಗೆ ಬೀಳುತ್ತದೆ. ಆಗ ಅವರು ಬೆಡ್ ಇಲ್ಲ ಅಂದು ಬಿಡುತ್ತಾರೆ.